ಫೋನ್‌ನಲ್ಲಿ ಅಳಿಸಿದ ಮನುಷ್ಯ ಪ್ರಿಂಟ್‌ನಲ್ಲಿ ಮಸುಕಾಗಿ ಉಳಿದಿದ್ದೇಕೆ?

ಪ್ರಶ್ನೆ: ಅಪ್ಪ ಅಮ್ಮ ಮೆಟ್ಟಿಲ ಮೇಲೆ ನಿಂತಿರೋ ಫೋಟೋ ಒಂದಿದೆ. ಹಿಂದೆ ಕೆಂಪು ಅಂಗಿ ಹಾಕಿದ ಯಾರೋ ಅಪರಿಚಿತರು ಬಂದುಬಿಟ್ಟಿದ್ದಾರೆ. ಅವರ ಮೊಣಕೈ ಅಮ್ಮನ ಭುಜಕ್ಕೇ ತಾಗಿದ ಹಾಗಿದೆ. ಫೋನ್ ಆ್ಯಪ್‌ನಲ್ಲಿ ಅಳಿಸಿದೆ, ಫೋನ್‌ನಲ್ಲಿ ನೋಡಿದರೆ ಸೂಪರ್ ಆಗಿದೆ. 12×16 ಇಂಚಿನ ಪ್ರಿಂಟ್ ಹಾಕಿಸಿದರೆ ಆ ಜಾಗ ಮಾತ್ರ ಮಸುಕು, ಮೆಟ್ಟಿಲ ಪಕ್ಕದ ಕಂಬಿಗಳೆಲ್ಲ ಸೊಟ್ಟ. ಇನ್ನೂ ಒಳ್ಳೆ ಆ್ಯಪ್ ಇದೆಯಾ, ಇಲ್ಲ ಕಂಪ್ಯೂಟರ್‌ನಲ್ಲೇ ಮಾಡಬೇಕಾ?

ಉತ್ತರ: ಈ ಫೋಟೋಗೆ ಕಂಪ್ಯೂಟರೇ ಬೇಕು. ಆ್ಯಪ್ ಬದಲಾಯಿಸುತ್ತಾ ಕೂತರೆ ಒಂದರಲ್ಲಿ ಕಂಬಿ ಸೊಟ್ಟ, ಇನ್ನೊಂದರಲ್ಲಿ ಭುಜ ಸೊಟ್ಟ, ಅಷ್ಟೇ. ನೀವು ಕಳಿಸಿದ ಎರಡೂ ಫೈಲ್ ತೆರೆದು ನೋಡಿದೆ. ಆ್ಯಪ್ ಕೆಟ್ಟದೇನಲ್ಲ. ಅದರ ಕೈಗೆ ಕೊಡಬಾರದ ಕೆಲಸ ಕೊಟ್ಟಿದ್ದೀರಿ.

ಮೊದಲು ಫೋನ್‌ನಲ್ಲಿ ಯಾಕೆ ಸೂಪರ್ ಆಗಿ ಕಂಡಿತು ಅನ್ನೋದು. ನಿಮ್ಮ ಮೂಲ ಫೋಟೋ 3000×4000 ಪಿಕ್ಸೆಲ್ ಇದೆ. ಫೋನ್ ಸ್ಕ್ರೀನ್‌ನ ಅಗಲ ಸಾಮಾನ್ಯವಾಗಿ 1080 ಪಿಕ್ಸೆಲ್. ಪೂರ್ತಿ ಫೋಟೋವನ್ನು ಅದರಲ್ಲಿ ತೋರಿಸಬೇಕೆಂದರೆ ಫೋನ್ ಅದನ್ನು 1080×1440ಕ್ಕೆ ಕುಗ್ಗಿಸುತ್ತದೆ. ಅಂದರೆ ಹೆಚ್ಚುಕಡಿಮೆ ಎಂಟು ಪಿಕ್ಸೆಲ್ ಸೇರಿ ಒಂದಾಗಿ ಕಾಣುತ್ತವೆ. ಎಂಟನ್ನು ಒಂದು ಮಾಡಿದಾಗ ಮಸುಕಾದ ಗೋಡೆಯೂ ಚೂಪಾಗಿ ಕಾಣುತ್ತದೆ, ಎರಡು ಪಿಕ್ಸೆಲ್ ಸೊಟ್ಟಗಿರೋ ಕಂಬಿಯೂ ನೆಟ್ಟಗೆ ಕಾಣುತ್ತದೆ. 12×16 ಪ್ರಿಂಟ್‌ನಲ್ಲಿ ಅದೇ ಫೋಟೋ ಒಂದು ಇಂಚಿಗೆ 250 ಪಿಕ್ಸೆಲ್‌ನಂತೆ ಹರಡಿಕೊಳ್ಳುತ್ತದೆ. ಬಚ್ಚಿಟ್ಟಿದ್ದೆಲ್ಲ ಹೊರಗೆ ಬರುತ್ತದೆ.

ಆದ್ದರಿಂದ ಅಳಿಸಿದ ಮೇಲೆ ಫೋನ್‌ನಲ್ಲೇ ಪರೀಕ್ಷೆ ಮಾಡಬೇಕಾದರೂ ಎರಡು ಬೆರಳಿಂದ ಚೆನ್ನಾಗಿ ಹಿಗ್ಗಿಸಿ ನೋಡಿ. ಅಳಿಸಿದ ಜಾಗವನ್ನೂ ಪಕ್ಕದ ಮುಟ್ಟದ ಜಾಗವನ್ನೂ ಒಟ್ಟಿಗೆ ಸ್ಕ್ರೀನಿಗೆ ತನ್ನಿ. ಮುಟ್ಟದ ಗೋಡೆಯಲ್ಲಿ ಸಣ್ಣ ಸಣ್ಣ ಕಾಳಿನಂಥ ಚುಕ್ಕೆಗಳು ಇರುತ್ತವೆ. ಕ್ಯಾಮೆರಾದ ಸೆನ್ಸರ್‌ನಿಂದ ಬರುವ ನಾಯ್ಸ್ ಅದು, ಜೊತೆಗೆ ಗಾರೆಯ ಒರಟುತನ. ಅಳಿಸಿದ ಜಾಗದಲ್ಲಿ ಅದು ಇರುವುದಿಲ್ಲ, ಬೆಣ್ಣೆ ಸವರಿದ ಹಾಗೆ ನುಣ್ಣಗಿರುತ್ತದೆ. ಹಲವು ಆ್ಯಪ್‌ಗಳು ಆ ಭಾಗವನ್ನು ಸಣ್ಣದು ಮಾಡಿ, ಸಣ್ಣ ಅಳತೆಯಲ್ಲೇ ಹೊಸದಾಗಿ ತುಂಬಿಸಿ, ಮತ್ತೆ ಹಿಗ್ಗಿಸಿ ಕೂರಿಸುತ್ತವೆ. ಬೇಗ ಮುಗಿಯಬೇಕಲ್ಲ, ಅದಕ್ಕೆ. ನಿಮ್ಮ ಫೋಟೋದಲ್ಲಿ ಆ ಮನುಷ್ಯ ಸುಮಾರು 1400 ಪಿಕ್ಸೆಲ್ ಎತ್ತರ ಇದ್ದಾನೆ. ಅಷ್ಟು ದೊಡ್ಡ ಜಾಗವನ್ನು ಕುಗ್ಗಿಸಿ ಹಿಗ್ಗಿಸಿದರೆ ಕಾಳು ಎಲ್ಲಿ ಉಳಿಯುತ್ತದೆ? ಸಣ್ಣ ವಸ್ತುವಾಗಿದ್ದರೆ ಈ ತೊಂದರೆ ಗೊತ್ತೇ ಆಗುತ್ತಿರಲಿಲ್ಲ.

ಮಸುಕು ಒಂದೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ನಿಜವಾದ ವ್ಯತ್ಯಾಸ ಬೇರೆ ಕಡೆ ಇದೆ. ಯಾವುದೇ ವಸ್ತು ಅಳಿಸುವಾಗ ಎರಡು ತೀರ್ಮಾನ ಆಗಬೇಕು. ಯಾವ ಯಾವ ಪಿಕ್ಸೆಲ್ ಹೋಗಬೇಕು ಅನ್ನೋದು ಒಂದು. ಹೋದ ಜಾಗಕ್ಕೆ ಎಲ್ಲಿಂದ ತಂದು ತುಂಬಬೇಕು ಅನ್ನೋದು ಇನ್ನೊಂದು. ಫೋನ್ ಆ್ಯಪ್ ಈ ಎರಡನ್ನೂ ತಾನೇ ಮಾಡಿ ಮುಗಿಸುತ್ತದೆ. ನೀವು ಬೆರಳಲ್ಲಿ ಸುತ್ತು ಹಾಕುತ್ತೀರಿ, ಅದು "ಓ, ಈ ಮನುಷ್ಯನಾ" ಅಂದುಕೊಂಡು ಅಂಚು ತಾನೇ ಹುಡುಕುತ್ತದೆ, ತನಗೆ ತೋಚಿದ್ದರಿಂದ ತುಂಬುತ್ತದೆ. ಕಂಪ್ಯೂಟರ್ ಸಾಫ್ಟ್‌ವೇರ್‌ನಲ್ಲಿ ಎರಡೂ ನಿಮ್ಮ ಕೈಯಲ್ಲಿರುತ್ತವೆ. ನಿಮ್ಮ ಫೋಟೋದ ಮೂರು ತಪ್ಪುಗಳೂ ಇಲ್ಲಿಂದಲೇ ಬಂದಿವೆ.

ಕಂಬಿಗಳನ್ನೇ ನೋಡಿ. ಮೂಲ ಫೋಟೋ ಮತ್ತೊಮ್ಮೆ ತೆರೆಯಿರಿ. ಆ ಮನುಷ್ಯ ಕಂಬಿಗಳ ಹಿಂದೆ ನಿಂತಿದ್ದಾನೆ. ಅಂದರೆ ಅವನ ಸೊಂಟದ ಕೆಳಗಿನ ಭಾಗದಲ್ಲಿ ಐದು ಕಂಬಿಗಳೂ ಮೇಲೆ ಕೈ ಹಿಡಿಯುವ ಅಡ್ಡಪಟ್ಟಿಯೂ ಪೂರ್ತಿ ಕಾಣುತ್ತಿವೆ, ನೆಟ್ಟಗಿವೆ, ಚೂಪಾಗಿವೆ. ಅವನ್ನು ಅಳಿಸುವ ಅಗತ್ಯವೇ ಇರಲಿಲ್ಲ! ಕಂಬಿಗಳ ನಡುವಿನ ನಾಲ್ಕು ಸಂದುಗಳಲ್ಲಿ ಅವನ ಪ್ಯಾಂಟ್ ಕಾಣುತ್ತಿತ್ತು. ಹೋಗಬೇಕಿದ್ದು ಅಷ್ಟೇ. ಆದರೆ ಆ್ಯಪ್‌ಗೆ ಮನುಷ್ಯ ಅಂದರೆ ತಲೆಯಿಂದ ಕಾಲವರೆಗೆ ಒಂದೇ ಉಂಡೆ. ಅವನ ಜೊತೆ ಐದು ಕಂಬಿಗಳನ್ನೂ ನುಂಗಿತು, ಆಮೇಲೆ ಇಲ್ಲಿ ಕಂಬಿ ಇರಬೇಕು ಅಂತ ಊಹಿಸಿ ಹೊಸದಾಗಿ ಬರೆಯಿತು. ಎಣಿಸಿ ನೋಡಿ, ಐದು ಇದ್ದದ್ದು ಈಗ ನಾಲ್ಕೂವರೆ ಇದೆ. ಒಂದು ಕಂಬಿ ಅರ್ಧಕ್ಕೆ ಕರಗಿಹೋಗಿದೆ.

ಎರಡನೆಯದು ಅಮ್ಮನ ಭುಜ. ಮೊಣಕೈ ಭುಜಕ್ಕೆ ತಾಗುವ ಜಾಗ 60 ಪಿಕ್ಸೆಲ್ ಉದ್ದ ಕೂಡ ಇಲ್ಲ. ಫೋನ್ ಸ್ಕ್ರೀನ್ ಸುಮಾರು 7 ಸೆಂ.ಮೀ. ಅಗಲ, ಬೆರಳ ತುದಿ ಸುಮಾರು 1 ಸೆಂ.ಮೀ. ಪೂರ್ತಿ ಫೋಟೋ ಕಾಣುತ್ತಿರುವಾಗ ಬೆರಳಿಟ್ಟರೆ ಅದರ ಅಡಿಯಲ್ಲಿ 400ಕ್ಕೂ ಹೆಚ್ಚು ಪಿಕ್ಸೆಲ್ ಅಗಲದ ಜಾಗ ಮುಚ್ಚಿಹೋಗುತ್ತದೆ. ಅದರಲ್ಲಿ 60 ಪಿಕ್ಸೆಲ್‌ನ ಗೆರೆ ಎಳೆಯೋದು ಅಂದರೆ ಪೊರಕೆಯಲ್ಲಿ ಸಹಿ ಹಾಕಿದ ಹಾಗೆ. ಆ್ಯಪ್ ಭುಜದ ಒಂದು ಚೂರನ್ನೂ ಕಚ್ಚಿಕೊಂಡು ಹೋಗಿದೆ. ನೋಡಿದವರಿಗೆ ಏನು ತಪ್ಪಾಗಿದೆ ಅಂತ ಹೇಳಲು ಬರುವುದಿಲ್ಲ, ಆದರೆ ಅಮ್ಮನ ಒಂದು ಭುಜ ಇಳಿದ ಹಾಗೆ ಕಾಣುತ್ತದೆ.

ಮೂರನೆಯದನ್ನು ನೀವು ಗಮನಿಸಿಲ್ಲ ಅನ್ನಿಸುತ್ತದೆ. ಮನುಷ್ಯ ಹೋಗಿದ್ದಾನೆ, ಅವನ ನೆರಳು ಗೋಡೆಯ ಮೇಲೆ ಹಾಗೇ ಇದೆ. ಅವನಿದ್ದ ಜಾಗದ ಗೋಡೆಗೆ ಒಂಥರಾ ಕೆಂಪು ಛಾಯೆಯೂ ಇದೆ. ಬಿಸಿಲು ಅವನ ಅಂಗಿಗೆ ಬಿದ್ದು, ಆ ಬಣ್ಣ ಹತ್ತಿರದ ಗೋಡೆಗೆ ಹಾಯ್ದಿದೆ. ಆ್ಯಪ್ ಸುತ್ತಲಿನ ಬಣ್ಣ ನೋಡಿ ತುಂಬಿಸುತ್ತದಲ್ಲ, ಸುತ್ತಲೂ ಕೆಂಪಾಗಿದ್ದರಿಂದ ಒಳಗೂ ಕೆಂಪೇ ತುಂಬಿತು. ಇಂಥದ್ದು ನನಗೂ ಆಗಿದೆ, ನಗಬೇಡಿ. ಒಮ್ಮೆ ಒಬ್ಬರನ್ನು ಬಹಳ ಜಾಣತನದಿಂದ ಅಳಿಸಿ, ಪ್ರಿಂಟ್ ಮಾಡಿಸಿ, ಫ್ರೇಮ್ ಹಾಕಿ ಕೊಟ್ಟೆ. ಪಕ್ಕದ ಕಿಟಕಿ ಗಾಜಿನಲ್ಲಿ ಅವರು ಆರಾಮವಾಗಿ ನಿಂತೇ ಇದ್ದರು. ಕಂಡುಹಿಡಿದದ್ದು ಆ ಮನೆಯ ಮಗು.

ಈಗ ಕಂಪ್ಯೂಟರ್ ಕೆಲಸಕ್ಕೆ ಬರೋಣ. ಜಿಂಪ್ ಅನ್ನೋ ಫೋಟೋ ತಿದ್ದುವ ಸಾಫ್ಟ್‌ವೇರ್ ಸಾಕು, ಉಚಿತ. ಫೋಟೋಶಾಪ್ ಇದ್ದರೆ ಇದೇ ದಾರಿ, ಹೆಸರುಗಳಷ್ಟೇ ಸ್ವಲ್ಪ ಬೇರೆ. ಮೂಲ ಫೋಟೋವನ್ನೇ ಕಂಪ್ಯೂಟರ್‌ಗೆ ತನ್ನಿ, ಕೇಬಲ್ ಹಾಕಿಯೋ ಡ್ರೈವ್‌ನಿಂದಲೋ. ವಾಟ್ಸಾಪ್‌ನಲ್ಲಿ ಸಾಮಾನ್ಯ ಫೋಟೋ ತರಹ ನಿಮಗೆ ನೀವೇ ಕಳಿಸಿಕೊಂಡರೆ ಅದು ಕುಗ್ಗಿ ಬರುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಪರವಾಗಿಲ್ಲ. ತಂದ ಮೇಲೆ ಅಳತೆ 3000×4000 ಇದೆಯಾ ನೋಡಿಕೊಳ್ಳಿ. ಫೈಲ್ ತೆರೆದ ಕೂಡಲೇ ಲೇಯರ್‌ನ, ಅಂದರೆ ಫೋಟೋ ಇರುವ ಪದರದ, ಒಂದು ನಕಲು ಮಾಡಿ, ನಕಲಿನ ಮೇಲೆ ಮಾತ್ರ ಕೆಲಸ ಮಾಡಿ. ಕೀಲಿ `1` ಒತ್ತಿದರೆ ಫೋಟೋ 100%ಗೆ ಬರುತ್ತದೆ. ಫೋಟೋದ ಒಂದು ಪಿಕ್ಸೆಲ್‌ಗೆ ಸ್ಕ್ರೀನಿನ ಒಂದು ಪಿಕ್ಸೆಲ್. ಇನ್ನು ಮುಂದೆ ಕೆಲಸವೆಲ್ಲ ಇಲ್ಲೇ.

ಮೊದಲು ಸಂದುಗಳನ್ನು ತೆಗೆದುಕೊಳ್ಳಿ, ಅದೇ ಸುಲಭ. Free Select ಟೂಲ್ ತೆಗೆದುಕೊಂಡು ಎರಡು ಕಂಬಿಗಳ ನಡುವಿನ ಒಂದು ಸಂದಿನ ನಾಲ್ಕು ಮೂಲೆಗಳಲ್ಲಿ ಕ್ಲಿಕ್ ಮಾಡುತ್ತಾ ಹೋಗಿ, ಕೊನೆಗೆ ಮೊದಲ ಮೂಲೆಗೇ ಬಂದು ಕ್ಲಿಕ್ ಮಾಡಿ `Enter` ಒತ್ತಿ. ಕ್ಲಿಕ್‌ನಿಂದ ಕ್ಲಿಕ್‌ಗೆ ಅದು ನೇರ ಗೆರೆ ಎಳೆಯುತ್ತದೆ, ಕಂಬಿ ನೇರ ಇರೋದರಿಂದ ನಮಗೆ ಬೇಕಾದದ್ದೂ ಅದೇ. ಆಯ್ಕೆ ಆದ ಮೇಲೆ ಅಂಚನ್ನು 1 ಪಿಕ್ಸೆಲ್ ಫೆದರ್ ಮಾಡಿ, ಅಂದರೆ ಮೆತ್ತಗೆ ಮಾಡಿ, ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಕಾಣದಿರಲಿ ಅಂತ. ಈಗ Clone ಟೂಲ್, ಕೀಲಿ `C`. ಪಕ್ಕದ ಖಾಲಿ ಸಂದಿನಲ್ಲಿ ಕಾಣುವ ಗೋಡೆಯ ಮೇಲೆ `Ctrl` ಹಿಡಿದು ಕ್ಲಿಕ್ ಮಾಡಿ. ಅದು ಮೂಲ. ಆಮೇಲೆ ಆಯ್ಕೆ ಮಾಡಿದ ಸಂದಿನೊಳಗೆ ಬ್ರಷ್ ಆಡಿಸಿ. ಆಯ್ಕೆಯ ಹೊರಗೆ ಎಷ್ಟು ಒರೆಸಿದರೂ ಬಣ್ಣ ಹತ್ತುವುದಿಲ್ಲ. ಕಂಬಿಗೆ ಕೈ ತಾಗುವ ಭಯವೇ ಇಲ್ಲ. ನಾಲ್ಕು ಸಂದು, ನಾಲ್ಕು ಸಲ.

ಮುಗಿದ ಮೇಲೆ ಕಂಬಿಗಳ ಅಂಚಿನಲ್ಲಿ ಪ್ಯಾಂಟಿನ ಬಣ್ಣದ ತೆಳ್ಳನೆಯ ಗೆರೆ ಉಳಿದಿರಬಹುದು, ಒಂದೆರಡು ಪಿಕ್ಸೆಲ್. ಅದಕ್ಕೆ Select ಮೆನುವಿನ None ನಿಂದ ಆಯ್ಕೆ ಬಿಡಿಸಿ, ಅದೇ ಕಂಬಿಯ ಸ್ವಚ್ಛ ಭಾಗವನ್ನು, ಅವನ ಕಾಲು ಇಲ್ಲದ ಕೆಳಗಿನ ತುಂಡನ್ನು, ಮೂಲ ಮಾಡಿಕೊಂಡು ಮೇಲಕ್ಕೆ ಎಳೆಯಿರಿ. ಒಂದು ತುದಿಯಲ್ಲಿ ಕ್ಲಿಕ್ ಮಾಡಿ, `Shift` ಹಿಡಿದು ಇನ್ನೊಂದು ತುದಿಯಲ್ಲಿ ಕ್ಲಿಕ್ ಮಾಡಿದರೆ ಬ್ರಷ್ ನೇರ ಗೆರೆಯಲ್ಲಿ ಓಡುತ್ತದೆ. ಕೈ ನಡುಗುವ ಪ್ರಶ್ನೆ ಇಲ್ಲ.

ಇನ್ನು ಭುಜ. ಇಲ್ಲಿ ಸ್ವಲ್ಪ ತಾಳ್ಮೆ ಬೇಕು. ಝೂಮ್ 200% ಅಥವಾ 300% ಮಾಡಿ. ಭುಜದ ಅಂಚಿನ ಉದ್ದಕ್ಕೂ Free Select ನಿಂದಲೇ ಹತ್ತಿರ ಹತ್ತಿರ ಕ್ಲಿಕ್ ಮಾಡುತ್ತಾ ಬನ್ನಿ, ಗೋಡೆಯ ಕಡೆಯ ಜಾಗ ಆಯ್ಕೆಯ ಒಳಗೆ, ಅಮ್ಮ ಹೊರಗೆ. ಮೊಣಕೈ ತಾಗಿದ ಜಾಗದಲ್ಲಿ ಅಂಚು ಯಾವುದು ಅಂತ ಗೊಂದಲ ಆಗುತ್ತದೆ. ಆಗ ಮೊಣಕೈಯ ಆಚೆ ಈಚೆ ಭುಜದ ಗೆರೆ ಹೇಗೆ ಬರುತ್ತಿದೆ ನೋಡಿ, ಎರಡನ್ನೂ ಸೇರಿಸುವ ಹಾಗೆ ಹೋಗಿ. ನಿಮ್ಮ ಫೋಟೋದಲ್ಲಿ ಅದೃಷ್ಟಕ್ಕೆ ಅಮ್ಮನೇ ಮುಂದಿದ್ದಾರೆ, ಮೊಣಕೈ ಹಿಂದಿದೆ. ಆದ್ದರಿಂದ ಭುಜದ ಅಂಚು ಪೂರ್ತಿ ಫೋಟೋದಲ್ಲೇ ಇದೆ, ಹಿಗ್ಗಿಸಿದಾಗ ಚೆನ್ನಾಗಿಯೇ ಕಾಣುತ್ತದೆ. ಫೋನ್ ಅದನ್ನು ಸುಮ್ನೆ ಕೆಡಿಸಿತು.

ಆಯ್ಕೆ ಸಿಕ್ಕ ಮೇಲೆ ಗೋಡೆ ತುಂಬುವುದು. ಇಲ್ಲಿ ಎರಡು ಟೂಲ್‌ಗಳ ಗುಣ ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. Clone ಇದ್ದದ್ದನ್ನು ಇದ್ದ ಹಾಗೇ ಎತ್ತಿ ಇಡುತ್ತದೆ, ಬಣ್ಣ, ಬೆಳಕು, ಕಾಳು ಎಲ್ಲ ಸಮೇತ. Heal, ಕೀಲಿ `H`, ಮೂಲದಿಂದ ಒರಟುತನವನ್ನು ಮಾತ್ರ ತಂದು, ಬಣ್ಣ ಮತ್ತು ಬೆಳಕನ್ನು ಇಡುವ ಜಾಗದ ಸುತ್ತಮುತ್ತಲಿಗೆ ಹೊಂದಿಸುತ್ತದೆ. ಕೇಳಲು Heal ಜಾಣ ಅನ್ನಿಸುತ್ತದೆ ಅಲ್ವಾ? ಬಯಲು ಗೋಡೆಯಲ್ಲಿ ಹೌದು. ಅಂಚಿನ ಹತ್ತಿರ ಬಂದರೆ ಅದೇ ದೊಡ್ಡ ತಲೆನೋವು. ಬ್ರಷ್ ಅಮ್ಮನ ಸೀರೆಯ ಗಾಢ ಬಣ್ಣಕ್ಕೆ ತಾಗಿದರೆ, ಆ ಬಣ್ಣಕ್ಕೂ ಹೊಂದಿಸಲು ಹೋಗಿ ಗೋಡೆಯ ಮೇಲೆ ಮಸಿ ಬಳಿದ ಹಾಗೆ ಕಲೆ ಮಾಡುತ್ತದೆ. ಫೋನ್‌ನಲ್ಲಿ ಸ್ನ್ಯಾಪ್‌ಸೀಡ್‌ನ Healing ಬಳಸಿದವರಿಗೆ ಈ ಕಲೆಯ ಪರಿಚಯ ಚೆನ್ನಾಗಿಯೇ ಇರುತ್ತದೆ. ಅಲ್ಲಿ ಮೂಲ ಎಲ್ಲಿಂದ ಬರಬೇಕು ಅಂತ ನೀವು ಹೇಳುವ ಹಾಗಿಲ್ಲ, ತಪ್ಪಿಸಲು ದಾರಿಯೂ ಇಲ್ಲ.

ಆದ್ದರಿಂದ ಕ್ರಮ ಹೀಗೆ. ಮೊದಲು Clone ನಿಂದ ಆ ಮನುಷ್ಯ ಇದ್ದ ಜಾಗವನ್ನೆಲ್ಲ ಗೋಡೆಯಿಂದ ಮುಚ್ಚಿ, ಭುಜದ ಅಂಚಿನವರೆಗೂ. ಅಂಚಿನ ಹತ್ತಿರದ ಪಟ್ಟಿಗೆ ಮೂಲವನ್ನು ಆದಷ್ಟು ಹತ್ತಿರದಿಂದಲೇ ತೆಗೆದುಕೊಳ್ಳಿ, ಬೆಳಕು ಹೊಂದಬೇಕಲ್ಲ. ಗೋಡೆ ಎಡಗಡೆ ಬೆಳ್ಳಗೆ, ಬಲಗಡೆ ಸ್ವಲ್ಪ ಮಂಕಾಗಿದೆ. ದೂರದಿಂದ ತಂದರೆ ತೇಪೆ ಹಾಕಿದ್ದು ಎದ್ದು ಕಾಣುತ್ತದೆ. ಆಮೇಲೆ ಒಳಗಿನ ಬಯಲಲ್ಲಿ ಎಲ್ಲೆಲ್ಲಿ ತೇಪೆಯ ಗೆರೆ ಕಾಣುತ್ತದೋ ಅಲ್ಲಿ ಮಾತ್ರ Heal. ಭುಜದಿಂದಲೂ ಕಂಬಿಯಿಂದಲೂ ಒಂದು ಬ್ರಷ್ ಅಗಲದಷ್ಟಾದರೂ ದೂರ ಇರಿ.

ಬ್ರಷ್ ಬಗ್ಗೆ ಒಂದು ಮಾತು. ಬಹಳ ಜನ ಮೆತ್ತನೆ ಬ್ರಷ್ ಒಳ್ಳೆಯದು ಅಂತ ಗಡಸುತನವನ್ನು ಸೊನ್ನೆಗೆ ಇಳಿಸುತ್ತಾರೆ. ಮೆತ್ತನೆಯ ಅಂಚಲ್ಲಿ ಹಳೆಯದೂ ಹೊಸದೂ ಅರ್ಧರ್ಧ ಬೆರೆಯುತ್ತವೆ. ಮತ್ತೆ ಮತ್ತೆ ಒರೆಸಿದಾಗ ಕಾಳುಗಳು ಒಂದರ ಮೇಲೊಂದು ಬಿದ್ದು ಸರಾಸರಿಯಾಗಿ ಕರಗಿಹೋಗುತ್ತವೆ. ಕೊನೆಗೆ ಫೋನ್ ಮಾಡಿದ್ದ ಬೆಣ್ಣೆಯನ್ನೇ ನೀವೂ ಮಾಡಿರುತ್ತೀರಿ, ಎರಡು ಗಂಟೆ ಜಾಸ್ತಿ ಕೂತು. ಗಡಸುತನ 70ರ ಆಸುಪಾಸು ಇರಲಿ. ಒಂದೇ ಜಾಗದ ಮೇಲೆ ಪದೇ ಪದೇ ಒರೆಸಬೇಡಿ. ಮೂಲವನ್ನು ಆಗಾಗ ಬದಲಾಯಿಸುತ್ತಿರಿ, ಇಲ್ಲದಿದ್ದರೆ ಗೋಡೆಯ ಒಂದೇ ಕಲೆ ಮೂರು ಕಡೆ ಸಾಲಾಗಿ ಕಾಣಿಸಿಕೊಳ್ಳುತ್ತದೆ. ಜನರ ಕಣ್ಣು ಮಸುಕನ್ನಾದರೂ ಕ್ಷಮಿಸುತ್ತದೆ, ಒಂದೇ ಆಕಾರ ಎರಡು ಸಲ ಬಂದರೆ ತಕ್ಷಣ ಹಿಡಿಯುತ್ತದೆ.

ನೆರಳನ್ನು ಬೇರೆ ಥರ ನೋಡಬೇಕು. ನೆರಳಿನ ಕೆಳಗೆ ಗೋಡೆ ಇದೆ, ನಿಜವಾದ ಗೋಡೆ, ಅದರ ಗಾರೆ ಸಮೇತ. ಕತ್ತಲಾಗಿದೆ ಅಷ್ಟೇ. ಆದ್ದರಿಂದ ಅದನ್ನು ಮುಚ್ಚುವ ಮೊದಲು ಬೆಳಗಿಸಿ ನೋಡಿ. ನೆರಳಿನ ಸುತ್ತ ಸಡಿಲವಾಗಿ ಆಯ್ಕೆ ಮಾಡಿ. ಅಂಚನ್ನು ನೆರಳಿನ ಅಂಚಿನಷ್ಟೇ ಮೆತ್ತಗೆ ಫೆದರ್ ಮಾಡಿ, ನಿಮ್ಮ ಫೋಟೋದಲ್ಲಿ ಸುಮಾರು 20 ಪಿಕ್ಸೆಲ್. ಗೆರೆ ಬಾಗಿಸಿ ಬೆಳಕು ಏರಿಳಿಸುವ Curves ತೆರೆದು ಆ ಗೆರೆಯ ನಡುಭಾಗ ಮೇಲೆತ್ತಿ, ಪಕ್ಕದ ಗೋಡೆಗೆ ಸಮ ಆಗೋವರೆಗೆ. ಬೆಳಕು ಸಮ ಆದರೂ ಆ ಜಾಗ ಒಂದು ಚೂರು ನೀಲಿ ಅನ್ನಿಸುತ್ತದೆ. ಬಿಸಿಲು ಬೀಳದ ಕಡೆ ಬೆಳಕು ಬರೋದು ಆಕಾಶದಿಂದ, ಅದಕ್ಕೇ ಆ ನೀಲಿ. ಅದೇ Curves ನಲ್ಲಿ Blue ಚಾನೆಲ್ ಅನ್ನು ಸ್ವಲ್ಪ ಇಳಿಸಿದರೆ ಸರಿಹೋಗುತ್ತದೆ. ಅಂಗಿಯಿಂದ ಹಾಯ್ದ ಕೆಂಪಿಗೂ ಇದೇ ಉಪಾಯ, Red ಇಳಿಸಬೇಕು. ಕೊನೆಗೆ ನೆರಳಿನ ಅಂಚಿನಲ್ಲಿ ಒಂದು ಸಣ್ಣ ಗೆರೆ ಉಳಿದರೆ, ಆಗ Heal.

ಫೋಟೋಶಾಪ್ ಇರುವವರು ಇದಕ್ಕೆಲ್ಲ ಮುಂಚೆ Content-Aware Fill ಒಂದು ಸಲ ನೋಡಬಹುದು. ಹೆಸರು 2010ರಿಂದಲೂ ಇದೆ. ಈಗ ಅದಕ್ಕೆ ಪ್ರತ್ಯೇಕ ಕಿಟಕಿಯೇ ಇದೆ, Edit ಮೆನುವಿನಲ್ಲಿ. ಅಳಿಸಬೇಕಾದ್ದನ್ನು ಆಯ್ಕೆ ಮಾಡಿ ಅದನ್ನು ತೆರೆದರೆ ಫೋಟೋದ ಮೇಲೆ ಹಸಿರು ಪರದೆ ಬರುತ್ತದೆ. ಹಸಿರು ಇರುವ ಕಡೆಯಿಂದ ತಂದು ತುಂಬುತ್ತೇನೆ ಅಂತ ಅರ್ಥ. ಅದನ್ನು ಬ್ರಷ್‌ನಿಂದ ಅಳಿಸಬಹುದು, ಸೇರಿಸಬಹುದು. ಅಮ್ಮ, ಅಪ್ಪ, ಕಂಬಿ ಎಲ್ಲದರ ಮೇಲಿನ ಹಸಿರು ಅಳಿಸಿ, ಬರೀ ಗೋಡೆ ಉಳಿಸಿದರೆ ತುಂಬಿದ್ದೂ ಬರೀ ಗೋಡೆಯೇ. ಯಾವ ಫೋನ್ ಆ್ಯಪ್ ಆದರೂ ಈ ಒಂದು ಹಸಿರು ಪರದೆ ಕೊಟ್ಟಿದ್ದರೆ ಅರ್ಧ ಜಗಳ ಮುಗಿಯುತ್ತಿತ್ತು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. ಫಲಿತಾಂಶವನ್ನು ಹೊಸ ಲೇಯರ್‌ಗೆ ಹಾಕಿಸಿಕೊಳ್ಳಿ. ಕೆಟ್ಟ ಜಾಗವನ್ನು ಮೇಲೆ ಹೇಳಿದ ಹಾಗೆ ಕೈಯಿಂದ ತಿದ್ದಬಹುದು.

ಒಂದು ಮುಖ್ಯ ಪ್ರಶ್ನೆ ನಾನೇ ಕೇಳಬೇಕು. ಅದೇ ಜಾಗದಲ್ಲಿ ಅವತ್ತು ಇನ್ನೂ ಒಂದೆರಡು ಫೋಟೋ ತೆಗೆದಿದ್ದೀರಾ? ಸಾಮಾನ್ಯವಾಗಿ ತೆಗೆದಿರುತ್ತೇವೆ. ಕಣ್ಣು ಮುಚ್ಚಿದ್ದಾರೆ ಅಂತ, ಅಲುಗಾಡಿದೆ ಅಂತ ಬಿಟ್ಟ ಫೋಟೋ. ಅದರಲ್ಲಿ ಆ ಮನುಷ್ಯ ಎರಡು ಹೆಜ್ಜೆ ಆಚೆ ಹೋಗಿದ್ದರೆ ಮೇಲಿನ ಅರ್ಧ ಕೆಲಸ ಬೇಕಾಗಿಯೇ ಇಲ್ಲ. ಆ ಫೋಟೋವನ್ನು ಇದರ ಕೆಳಗಿನ ಲೇಯರ್ ಆಗಿ ಇಡಿ. ಮೇಲಿನ ಲೇಯರ್ ಅನ್ನು 50% ಪಾರದರ್ಶಕ ಮಾಡಿ, ಕಂಬಿಗೆ ಕಂಬಿ ಹೊಂದುವ ಹಾಗೆ ಕೆಳಗಿನದನ್ನು ಸರಿಸಿ. ಕೈಯಲ್ಲಿ ಹಿಡಿದು ತೆಗೆದದ್ದಾದರೆ ಸ್ವಲ್ಪ ತಿರುಗಿಸಬೇಕು, ಒಂದೆರಡು ಪ್ರತಿಶತ ಹಿಗ್ಗಿಸಬೇಕು ಆಗಬಹುದು. ಇಡೀ ಫೋಟೋ ಹೊಂದಬೇಕಿಲ್ಲ, ಆ ಮನುಷ್ಯ ನಿಂತ ಜಾಗ ಹೊಂದಿದರೆ ಸಾಕು. ಆಮೇಲೆ ಮೇಲಿನ ಲೇಯರ್ ಮತ್ತೆ 100% ಮಾಡಿ, ಅದರ ಯಾವ ಭಾಗ ಕಾಣಬೇಕು ಅಂತ ಹೇಳುವ ಲೇಯರ್ ಮಾಸ್ಕ್ ಹಾಕಿ, ಅವನಿರುವ ಕಡೆ ಆ ಮಾಸ್ಕ್ ಮೇಲೆ ಕಪ್ಪು ಬಳಿಯಿರಿ. ಕೆಳಗಿನ ಫೋಟೋದ ನಿಜವಾದ ಗೋಡೆ, ನಿಜವಾದ ಬೆಳಕು ಕಿಂಡಿಯಲ್ಲಿ ಕಂಡ ಹಾಗೆ ಬರುತ್ತದೆ. ಅವನ ನೆರಳೂ ಬಣ್ಣವೂ ಜೊತೆಗೇ ಹೋಗುತ್ತವೆ. ಊಹೆ ಅನ್ನೋದೇ ಇಲ್ಲ. ನನ್ನ ಲೆಕ್ಕದಲ್ಲಿ ಇದಕ್ಕಿಂತ ಒಳ್ಳೆಯ ದಾರಿ ಇನ್ನೂ ಬಂದಿಲ್ಲ. ಮುಂದೆ ಜನ ಓಡಾಡುವ ಜಾಗದಲ್ಲಿ ಫೋಟೋ ತೆಗೆಯುವಾಗ, ಎಲ್ಲ ಮುಗಿದ ಮೇಲೆ ಅದೇ ಜಾಗದಲ್ಲಿ ನಿಂತು ಅರ್ಧ ನಿಮಿಷ ಬಿಟ್ಟು ಇನ್ನೊಂದು ತೆಗೆದಿಡಿ.

ಕಂಪ್ಯೂಟರ್‌ಗೂ ಆಗದ್ದು ಇದೆ, ಅದನ್ನೂ ಹೇಳಿಬಿಡುತ್ತೇನೆ. ಆ ಮೊಣಕೈ ಭುಜದ ಹಿಂದೆ ಇಲ್ಲದೆ ಮುಂದೆ ಬಂದು ಅಮ್ಮನ ಕಿವಿಯನ್ನೋ ಕೆನ್ನೆಯನ್ನೋ ಮುಚ್ಚಿದ್ದರೆ, ಯಾವ ಸಾಫ್ಟ್‌ವೇರ್‌ಗೂ ಆ ಕೆನ್ನೆ ಗೊತ್ತಿಲ್ಲ. ಹೊಸ ಎಐ ಟೂಲ್‌ಗಳು, ಫೋನ್‌ನಲ್ಲಿರಲಿ ಕಂಪ್ಯೂಟರ್‌ನಲ್ಲಿರಲಿ, ಅಲ್ಲಿ ಒಂದು ಕೆನ್ನೆ ಬರೆಯುತ್ತವೆ. ಚೆಂದವಾಗಿಯೇ ಬರೆಯುತ್ತವೆ. ಅದು ಅಮ್ಮನದಲ್ಲ ಅಷ್ಟೇ. ಅಂಥ ಕಡೆ ಅವರದೇ ಬೇರೆ ಫೋಟೋದಿಂದ ತಂದು ಕೂರಿಸಬೇಕು, ಇಲ್ಲ ಫೋಟೋವನ್ನು ಬೇರೆ ಥರ ಕ್ರಾಪ್ ಮಾಡಬೇಕು. ಇದೇ ಟೂಲ್‌ಗಳ ಇನ್ನೊಂದು ಚಾಳಿ ಗಮನಿಸಿ. ಒಬ್ಬರನ್ನು ಅಳಿಸಿ ಅಂದರೆ ಕೆಲವೊಮ್ಮೆ ಅವರ ಜಾಗದಲ್ಲಿ ಹೂಕುಂಡವನ್ನೋ ಇನ್ನೊಬ್ಬ ಮನುಷ್ಯನನ್ನೋ ತಂದು ನಿಲ್ಲಿಸುತ್ತವೆ. ನೆರಳನ್ನು ಗುರುತು ಮಾಡದೆ ಬಿಟ್ಟಾಗ ಇದು ಜಾಸ್ತಿ. ನೆರಳು ಇದೆ ಅಂದಮೇಲೆ ಅಲ್ಲಿ ಏನೋ ಇರಬೇಕು ಅಂತ ಅದರ ಲೆಕ್ಕ.

ಹಾಗಂತ ಫೋನ್ ಆ್ಯಪ್ ಡಿಲೀಟ್ ಮಾಡಬೇಡಿ. ಗೂಗಲ್ ಫೋಟೋಸ್‌ನ ಮ್ಯಾಜಿಕ್ ಇರೇಸರ್ ಥರದ್ದನ್ನು ನಾನೂ ದಿನಾ ಬಳಸುತ್ತೇನೆ. ನಾನು ನೋಡುವುದು ಇಷ್ಟೇ. ಅಳಿಸಬೇಕಾದ ವಸ್ತು ಸಣ್ಣದಾ, ಅದರ ಸುತ್ತ ನಾಲ್ಕೂ ಕಡೆ ಒಂದೇ ಥರದ ಆಕಾಶವೋ ಮರಳೋ ಹುಲ್ಲೋ ಇದೆಯಾ, ಅದು ಮುಖ್ಯ ವ್ಯಕ್ತಿಗೆ ತಾಗಿಲ್ಲ ತಾನೆ, ಅದರ ಮೂಲಕ ಯಾವುದೇ ನೇರ ಗೆರೆ ಹಾದುಹೋಗಿಲ್ಲ ತಾನೆ. ಇಷ್ಟಿದ್ದು, ಫೋಟೋ ಸ್ಕ್ರೀನ್‌ನಲ್ಲೇ ಉಳಿಯೋದಾದರೆ ಕಂಪ್ಯೂಟರ್ ಆನ್ ಮಾಡೋದೂ ದಂಡ. ನಿಮ್ಮದೇ ಫೋಟೋದ ಮೇಲಿನ ಮೂಲೆಯಲ್ಲಿ ವಿದ್ಯುತ್ ತಂತಿಯ ಒಂದು ತುಂಡು ಆಕಾಶದಲ್ಲಿ ಕಾಣುತ್ತದಲ್ಲ, ಅದನ್ನು ಆ್ಯಪ್ ಎಷ್ಟು ಚೆನ್ನಾಗಿ ತೆಗೆದಿದೆ ನೋಡಿ. 100%ನಲ್ಲೂ ಗೊತ್ತಾಗುವುದಿಲ್ಲ. ಅದನ್ನು ಹಾಗೇ ಇಟ್ಟುಕೊಳ್ಳಿ. ಮೂಲ ಫೋಟೋ ತೆಗೆದುಕೊಂಡು ಫೋನ್‌ನಲ್ಲಿ ತಂತಿಯನ್ನಷ್ಟೇ ಅಳಿಸಿ, ಪೂರ್ತಿ ಅಳತೆಯಲ್ಲಿ ಉಳಿಸಿ, ಆಮೇಲೆ ಆ ಫೈಲ್ ಅನ್ನು ಕಂಪ್ಯೂಟರ್‌ಗೆ ತನ್ನಿ.

ಫೋನ್‌ನಲ್ಲೇ ಮಾಡುವಾಗ ಮೊದಲ ಸಲವೇ ನೆರಳನ್ನೂ ಸೇರಿಸಿ ಗುರುತು ಮಾಡಿ. ಬೆರಳಿಡುವ ಮುಂಚೆ ಝೂಮ್ ಮಾಡಿ. ಸ್ನ್ಯಾಪ್‌ಸೀಡ್‌ನಲ್ಲಂತೂ ಬ್ರಷ್ ಸಣ್ಣದಾಗುವುದೇ ಝೂಮ್‌ನಿಂದ. ಸರಿಯಾಗಿ ಬರಲಿಲ್ಲ ಅಂದರೆ ಅದರ ಮೇಲೇ ಮತ್ತೆ ಒರೆಸಬೇಡಿ, ಅನ್‌ಡೂ ಮಾಡಿ ಹೊಸದಾಗಿ ಶುರು ಮಾಡಿ. ಕೆಟ್ಟ ತೇಪೆಯ ಮೇಲೆ ಒರೆಸಿದರೆ ಆ್ಯಪ್ ಆ ಕೆಟ್ಟದ್ದನ್ನೇ ಗೋಡೆ ಅಂದುಕೊಂಡು ಅದರಿಂದ ಇನ್ನಷ್ಟು ತುಂಬುತ್ತದೆ.

ಕಂಪ್ಯೂಟರ್‌ನಲ್ಲಿ ಮೊದಲ ಸಲ ಆದ್ದರಿಂದ ನಿಮಗೆ ಎರಡು ಗಂಟೆ ಹಿಡಿಯಬಹುದು. ಮುಗಿಯಿತು ಅನ್ನಿಸಿದ ಮೇಲೆ ಚಿತ್ರವನ್ನು ಎಡಬಲ ತಿರುಗಿಸಿ, Flip Horizontally ಮಾಡಿ, ಒಂದು ಸಲ ನೋಡಿ. ಎರಡು ಗಂಟೆ ಅದೇ ನೋಡಿ ಜಡ್ಡುಗಟ್ಟಿದ ಕಣ್ಣಿಗೆ ತೇಪೆಗಳು ಆಗ ಥಟ್ಟನೆ ಕಾಣುತ್ತವೆ. ಆಮೇಲೆ ಮತ್ತೆ ಮೊದಲಿನಂತೆ ತಿರುಗಿಸಲು ಮರೆಯಬೇಡಿ. ಲೇಯರ್‌ಗಳ ಸಮೇತ ಜಿಂಪ್‌ನ `.xcf` ಫೈಲ್ ಒಂದು ಉಳಿಸಿ, ಪ್ರಿಂಟ್‌ಗೆ ಜೆಪೆಗ್ ಅನ್ನು 95ರ ಗುಣಮಟ್ಟದಲ್ಲಿ ಬೇರೆ ತೆಗೆಯಿರಿ.

ಮತ್ತೆ ನೇರವಾಗಿ 12×16 ಪ್ರಿಂಟ್‌ಗೆ ಕೊಡಬೇಡಿ. ಆ ಫೈಲ್‌ನಿಂದ ಅಮ್ಮನ ಭುಜ, ಕಂಬಿ, ನೆರಳಿದ್ದ ಗೋಡೆ ಮೂರೂ ಸೇರುವ ಹಾಗೆ 1000×1500 ಪಿಕ್ಸೆಲ್‌ನ ಒಂದು ತುಂಡು ಕ್ರಾಪ್ ಮಾಡಿ, ಅದನ್ನು 4×6 ಇಂಚಿಗೆ ಪ್ರಿಂಟ್ ಹಾಕಿಸಿ. ಇಂಚಿಗೆ ಅದೇ 250 ಪಿಕ್ಸೆಲ್, ಅಂದರೆ ದೊಡ್ಡ ಪ್ರಿಂಟ್‌ನಲ್ಲಿ ಆ ಜಾಗ ಹೇಗೆ ಕಾಣುತ್ತದೋ ಇದರಲ್ಲೂ ಹಾಗೇ ಕಾಣುತ್ತದೆ. ಕಿಟಕಿ ಹತ್ತಿರ ಹಿಡಿದು ನೋಡಿ, ಕಂಬಿ ಎಷ್ಟಿವೆ ಅಂತ ಎಣಿಸಿ. ಐದು ಬಂದರೆ ದೊಡ್ಡದಕ್ಕೆ ಕೊಡಿ.